ತಕ್ಕಡಿ ಸಮವಾದ ಮೇಲೆ

ತರಕಾರಿ ಮಾರುಕಟ್ಟೆಯಲ್ಲಿ ಮೂರು ದಿನ ಬರೀ ಕೂಗಾಟದ ಹಿಂದೆ ಓಡಿದ ಕ್ಯಾಮೆರಾ ಸುಸ್ತಾಗಿ ತಕ್ಕಡಿಯೆದುರು ಕೂತಿತು.

"ಈ ಸಾಕ್ಷ್ಯಚಿತ್ರಕ್ಕೆ ನಿರೂಪಣೆಯೇ ಇಲ್ಲ. ಇಲ್ಲಿಯ ಜನ ಎಂಥವರೆಂದು ನೋಡುವವರಿಗೆ ಹೇಳುವವರು ಯಾರು?" ಎಂದಿತು ಕ್ಯಾಮೆರಾ.

ತಕ್ಕಡಿ ಹೇಳಿತು: "ನನ್ನ ತಟ್ಟೆಗಳು ಸಮವಾದ ಕೂಡಲೇ ನೀನು ಕಣ್ಣು ಮುಚ್ಚುತ್ತೀಯೆ. ಈ ಸಲ ಇನ್ನೊಂದಿಷ್ಟು ಹೊತ್ತು ತೆರೆದಿರು."

ತರಕಾರಿ ಮಾರುವ ಚೆನ್ನವ್ವ ಅರ್ಧ ಕಿಲೋ ಹುರುಳಿಕಾಯಿ ತೂಗಿದಳು. ತಟ್ಟೆಗಳು ಸಮವಾದವು. ಕ್ಯಾಮೆರಾ ಅಲುಗದೆ ನೋಡುತ್ತಲೇ ಇತ್ತು.

"ಕೊಸರು ಹಾಕಮ್ಮ," ಎಂದಳು ಕೊಳ್ಳಲು ಬಂದ ಮುದುಕಿ.

"ದಿನಾ ಇದೇ ಆಯ್ತಲ್ಲ ಅಜ್ಜಿ ನಿಂದು! ನನ್ನಂಗಡಿ ಮುಚ್ಚಿಸ್ತೀಯಾ?" ಎಂದು ಬೈಯುತ್ತಲೇ ಚೆನ್ನವ್ವ ಅವಳ ಚೀಲಕ್ಕೆ ಇನ್ನೊಂದು ಹಿಡಿ ಕಾಯಿ ಹಾಕಿ, ಮೇಲೊಂದೆಸಳು ಕರಿಬೇವನ್ನೂ ತುರುಕಿದಳು.

ಮೈಕು ಬೈಗುಳವನ್ನು ಹಿಡಿಯಿತು, ಕ್ಯಾಮೆರಾ ಕೈಯನ್ನು ಹಿಡಿಯಿತು.

"ಸದ್ಯ, ಇನ್ನು ಯಾರೂ ಏನೂ ಹೇಳಬೇಕಿಲ್ಲ," ಎಂದು ಕ್ಯಾಮೆರಾ ನಿರಾಳವಾಗಿ ಉಸಿರುಬಿಟ್ಟಿತು.