ಏಳೂರಿಗೆ ನೆರಳಾದ ಮೀಸೆ

ಶಿಷ್ಯ ಮರುಳಯ್ಯ ಬೆಳಗಿನಿಂದ ಮೂರನೆಯ ಸಲ ಮಠದ ಅಂಗಳ ಗುಡಿಸುತ್ತಿದ್ದ. ಕಸವೇನೂ ಇರಲಿಲ್ಲ. ಕೈ ಸುಮ್ಮನಿರಲು ಒಪ್ಪುತ್ತಿರಲಿಲ್ಲ, ಪಾಪ.

ಊರಿನ ದೊರೆಯಾದ ನಾಯಕನ ಆಳು ಒಂದು ಓಲೆ ಕೊಟ್ಟು ಹೋಗಿದ್ದ. ಅದರಲ್ಲಿ ರಾಗಿ ಬೀಸುವ ಸಂಕವ್ವ ಕಟ್ಟಿದ ಹಾಡು. ಊರೆಲ್ಲ ಅದನ್ನು ಹಾಡುತ್ತಿತ್ತು, ಸಂಕವ್ವ ಸೆರೆಯಲ್ಲಿದ್ದಳು. ಹಾಡು ಹೊಗಳಿಕೆಯೋ ಲೇವಡಿಯೋ ಎಂದು ಮಠದವರು ಮಧ್ಯಾಹ್ನ ಸಭೆಗೆ ಬಂದು ಹೇಳಬೇಕು. ಲೇವಡಿಯಾದರೆ ಅವಳ ನಾಲಗೆ ಕತ್ತರಿಸುತ್ತಾರೆ.

"ಅರ್ಥ ನೀನೇ ಹೇಳು" ಎಂದಿದ್ದರು ಗುರು ಅಡವಿಸ್ವಾಮಿಗಳು. ಹಸಿದು ಬಂದಾಗಲೆಲ್ಲ ಸಂಕವ್ವ ಅವನಿಗೆ ಮುದ್ದೆ ಹಾಕಿದವಳು.

"ಹಾಡು ಓದು" ಎಂದರು ಗುರುಗಳು.

ಅವನು ಓದಿದ.

ದೊರೆಯ ಮೀಸೆಯ ನೆರಳಲ್ಲಿ ಏಳೂರಿಗೂ ತಂಪವ್ವ,
ಕೊಡೆ ಹಿಡಿದವನ ನೆತ್ತಿಗೆ ಮಾತ್ರ ಬಿಸಿಲವ್ವ.
ಕೆರೆ ಬತ್ತಿತೆಂಬುದು ಸುಳ್ಳು, ನೀರೊಂದಿಷ್ಟು ಕಡಿಮೆಯವ್ವ,
ಹೌದೆಂದು ಆಡುವ ತಲೆಗಳಿರಲು ಬೀಸಣಿಗೆ ಯಾಕವ್ವ.

"ಗುರುಗಳೇ, ಮೀಸೆಯ ನೆರಳು ಏಳೂರಿಗೆ ಬೀಳುತ್ತದೆಯೇ? ಇಷ್ಟು ಉಬ್ಬಿಸಿದರೆ ಅದು ಲೇವಡಿಯೇ. ನಾನು ಹೊಗಳಿಕೆ ಅಂತ ಹೇಳಿಬಿಡುತ್ತೇನೆ."

"ದೊರೆ ಹಿಗ್ಗಿ ಅದನ್ನು ಕೆರೆ ಏರಿಯ ಕಲ್ಲಿನಲ್ಲಿ ಕೆತ್ತಿಸುತ್ತಾನೆ. ಓದಿದವರು ನಗುತ್ತಾರೆ. ಆಮೇಲೆ?"

ಆಮೇಲೆ ಎರಡು ನಾಲಗೆ ಹೋಗುತ್ತವೆ, ಅವಳದೂ ತನ್ನದೂ.

"ಹೋದ ಹಬ್ಬದಲ್ಲಿ ಹೊಗಳುಭಟರು ಏನು ಹಾಡಿದರು?"

"ದೊರೆಯ ಮೀಸೆಯ ನೆರಳಲ್ಲಿ ಐದೂರು ತಂಪು ಅಂತ..." ಅವನ ಮಾತು ಅರ್ಧಕ್ಕೇ ನಿಂತಿತು. "ಗುರುಗಳೇ, ಇದು ಭಟರದೇ ಮಾತು!"

"ಸಂಕವ್ವ ಎರಡೂರು ಸೇರಿಸಿದಳು. ಐದೂರಿಗೆ ಯಾರೂ ನಗಲಿಲ್ಲ, ಏಳೂರಿಗೆ ನಕ್ಕರು. ಪಕ್ಕದಲ್ಲಿ ಯಾರನ್ನು ನಿಲ್ಲಿಸಿದ್ದಾಳೆ?"

"ಕೊಡೆ ಹಿಡಿದವನನ್ನು. ಅವನು ನಿಜವಾಗಿಯೂ ಬಿಸಿಲಲ್ಲೇ ಇರುತ್ತಾನೆ."

ಗುರುಗಳು ಒಂದು ಮಡಕೆ ಕೊಟ್ಟರು. "ಕೆರೆಯಿಂದ ನೀರು ತಾ."

ಹೊತ್ತು ಏರುತ್ತಿದ್ದಾಗ ಇದೆಂಥ ಕೆಲಸವೋ ಎಂದುಕೊಳ್ಳುತ್ತ ಅವನು ಓಡಿಹೋದ. ಕೆರೆಯಂಗಳವನ್ನು ಕೆದಕಿ ಮಡಕೆಯಲ್ಲಿ ಒಣ ಮಣ್ಣು ತಂದ.

"ಎಷ್ಟಿದೆ?"

"ಹನಿಯೂ ಇಲ್ಲ."

"ಹಾಡಿನಲ್ಲಿ?"

"ಒಂದಿಷ್ಟು ಕಡಿಮೆ." ಅವನು ಮಡಕೆಯನ್ನು ಕೆಳಗಿಟ್ಟ. "ಕೆರೆ ಬತ್ತಿದೆ ಅಂತ ನಾನು ದಿನಾ ಹೇಳುತ್ತೇನೆ, ಏನೂ ಅನ್ನಿಸುವುದಿಲ್ಲ. ಅವಳು ಕಡಿಮೆ ಅಂದರೆ ಯಾಕೆ ಹೊಟ್ಟೆ ಉರಿಯುತ್ತದೆ?"

"ಅವಳು ಬಿಟ್ಟದ್ದನ್ನು ನೀನೇ ತುಂಬಿಕೊಂಡೆ. ಕಡಿಮೆ ಅನ್ನುವುದು ಅವಳ ಮಾತೇ?"

"ಅಲ್ಲ. ಪ್ರಧಾನಿಗಳು ಡಂಗುರ ಹೊಡೆಸಿದ ಮಾತು."

"ಕೊನೆಯ ಸಾಲು ಯಾರಿಗೆ?"

ಮರುಳಯ್ಯ ತಲೆ ತಗ್ಗಿಸಿದ. ಹಬ್ಬದ ದಿನ ಭಟರು ಐದೂರು ಎಂದಾಗ ಅವನೂ ಸಭೆಯಲ್ಲಿದ್ದ. ಎಲ್ಲರ ಜೊತೆ ಅವನ ತಲೆಯೂ ಆಡಿತ್ತು. ಅದು ನೆನಪಾಗಿ ನಾಚಿಕೆಯಾಯಿತು.

"ನನಗೂ" ಎಂದ.

"ಈಗ ಹೊರಡು" ಎಂದು ಗುರುಗಳು ಮಡಕೆ ಎತ್ತಿಕೊಂಡರು.

ಸಭೆಯಲ್ಲಿ ಸಂಕವ್ವ ಕೈ ಕಟ್ಟಿಸಿಕೊಂಡು ನಿಂತಿದ್ದಳು. ಮರುಳಯ್ಯ ಮುಂದೆ ಬಂದ.

"ಲೇವಡಿಯೋ ಅಲ್ಲವೋ?" ಎಂದ ನಾಯಕ.

"ಲೇವಡಿಯೇ, ಬುದ್ಧೀ."

ಸಂಕವ್ವ ಕಣ್ಣು ಮುಚ್ಚಿದಳು.

"ಮೀಸೆಯ ಸಾಲು ಭಟರಿಗೆ, ಅವರ ಮಾತನ್ನೇ ಎರಡೂರು ಉಬ್ಬಿಸಿದೆ. ಕೆರೆಯ ಸಾಲು ಪ್ರಧಾನಿಗಳಿಗೆ, ಅವರ ಮಾತನ್ನು ಹಾಗೇ ಇಟ್ಟಿದೆ. ಕೊನೆಯದು ತಲೆ ಆಡಿಸಿದವರಿಗೆ. ಅದರಲ್ಲಿ ನಾನೂ ಒಬ್ಬ."

"ಮತ್ತೆ ನನಗೆ?"

ಮರುಳಯ್ಯ ಗುರುಗಳತ್ತ ನೋಡಿದ. ಅವರು ಮಡಕೆ ನೋಡುತ್ತಿದ್ದರು.

"ಇಷ್ಟನ್ನೂ ಕೇಳಿ ನಂಬಿದವರು ಯಾರು ಅಂತ ಹಾಡು ಹೇಳುವುದಿಲ್ಲ, ಬುದ್ಧೀ. ಕೇಳಿದವರು ತಾವೇ ತುಂಬಿಕೊಳ್ಳಬೇಕು."

ನಾಯಕ ಪ್ರಧಾನಿಯ ಕಡೆ ತಿರುಗಿದ.

"ಕೆರೆಯಲ್ಲಿ ನೀರಿದೆ ತಾನೇ?"

"ಇದೆ, ಪ್ರಭು" ಎಂದ ಪ್ರಧಾನಿ. ಸಾಲಾಗಿ ಕೂತ ತಲೆಗಳು ಹೌದೆಂದು ಆಡಿದವು. ಮರುಳಯ್ಯನ ತಲೆ ಆಡಲಿಲ್ಲ.

ನಾಯಕ ಆ ತಲೆಗಳನ್ನು ಒಂದೊಂದಾಗಿ ನೋಡಿದ.

"ಆಕೆಯ ಕೈ ಬಿಚ್ಚಿ" ಎಂದ. ದನಿ ಕುಗ್ಗಿತ್ತು. "ಗುರುಗಳೇ, ಯಾರ ಮಾತನ್ನು ನಂಬಲಿ?"

ಅಡವಿಸ್ವಾಮಿಗಳು ಒಣ ಮಣ್ಣಿನ ಮಡಕೆಯನ್ನು ಅವನ ಕೈಗೆ ಕೊಟ್ಟರು.

"ಕೆರೆಯಿಂದ ತಂದದ್ದು, ಕುಡಿಯಿರಿ. ನೀರು ಒಂದಿಷ್ಟು ಕಡಿಮೆ."