ಎಂಬತ್ತೆಂಟನೇ ವರ್ಷದ ಕೊನೆಯ ಸಾಲು

ಗ್ರಂಥಾಲಯದ ಒಂದೇ ಹಲಗೆಯ ಮೇಲೆ ಎರಡು ಹೊತ್ತಿಗೆಗಳಿದ್ದವು. ಹಿರಿಯದು ವರ್ಷಾವಳಿ. ಆಯಾ ವರ್ಷ ನಡೆದದ್ದನ್ನೆಲ್ಲ ಬರೆದು, ಕೊನೆಗೆ ಆ ವರ್ಷ ತೀರಿಕೊಂಡವರ ಹೆಸರು ಸೇರಿಸುವುದು ಅದರ ಪದ್ಧತಿ. ಕಿರಿಯದು ಚರಿತಕೋಶ. ಹಳೆಯ ಸುದ್ದಿಗಳನ್ನು ಬಾಯಿಂದ ಬಾಯಿಗೆ ದಾಟಿಸಿದವರು ಎಂದು ಹುಟ್ಟಿದರು, ಎಂದು ಸತ್ತರು, ಎಷ್ಟು ನಂಬಿಕಸ್ಥರು ಎಂಬುದಷ್ಟೇ ಅದರ ಚಿಂತೆ.

ನಕಲುಗಾರ ಬರುವ ದಿನ ವರ್ಷಾವಳಿ ಬೀಗುತ್ತಿತ್ತು. "ನನ್ನಲ್ಲಿರುವ ಕೋಟೆ ಮುತ್ತಿಗೆಯ ಕಥೆಯನ್ನೇ ಅವನು ಮೊದಲು ಬರೆದುಕೊಳ್ಳುತ್ತಾನೆ. ಅದನ್ನು ಕಣ್ಣಾರೆ ಕಂಡ ಸುಫ್ಯಾನ್ ಹಮ್ಮಾದನಿಗೆ ಹೇಳಿದ, ಹಮ್ಮಾದ್ ನನ್ನನ್ನು ಬರೆದವನಿಗೆ ಹೇಳಿದ."

"ಹಮ್ಮಾದ್ ಸುಳ್ಳುಗಾರನಲ್ಲ, ಹಿರಿಯರೇ," ಎಂದಿತು ಚರಿತಕೋಶ. "ಆದರೆ ಅವನು ಹುಟ್ಟಿದ್ದು ತೊಂಬತ್ತನೇ ವರ್ಷ, ಸುಫ್ಯಾನ್ ಸತ್ತಿದ್ದು ಎಂಬತ್ತೆಂಟರಲ್ಲಿ. ನಡುವೆ ಯಾರೋ ಒಬ್ಬರ ಹೆಸರು ಬಿಟ್ಟುಹೋಗಿದೆ. ಅವರು ಯಾರೆಂದು ಗೊತ್ತಾಗದೆ ಕಥೆಯನ್ನು ನಂಬುವುದು ಹೇಗೆ?"

ವರ್ಷಾವಳಿಗೆ ಮೈ ಉರಿಯಿತು. "ಸುಫ್ಯಾನ್ ಎಂಬತ್ತೆಂಟರಲ್ಲಿ ಸತ್ತನೆಂದು ನಿನಗೆ ಯಾವ ಅಪ್ರಾಮಾಣಿಕ ಹೇಳಿದ?"

"ತಾವೇ. ಆ ವರ್ಷದ ಕೊನೆಯ ಸಾಲಿನಲ್ಲಿ."

ವರ್ಷಾವಳಿ ತನ್ನದೇ ಹಾಳೆ ಮಗುಚಿ ನೋಡಿಕೊಂಡಿತು. ಸಾಲು ಅಲ್ಲೇ ಇತ್ತು. ಅಷ್ಟರಲ್ಲಿ ನಕಲುಗಾರ ಬಂದು ಲೇಖನಿ ಅದ್ದಿದ.

"ಕಥೆಯನ್ನು ಬರೆದುಕೊಳ್ಳಪ್ಪ," ಎಂದಿತು ವರ್ಷಾವಳಿ, "ಆದರೆ ಅಂಚಿನಲ್ಲಿ ಈ ಕಿರಿಯನ ಅನುಮಾನವನ್ನೂ ಬರೆ. ಅದಕ್ಕೆ ಸಾಕ್ಷಿ ನಾನು."