ಹನ್ನೊಂದನೇ ಕಂಬದ ದೀಪ

ಸ್ಮಶಾನದ ರಸ್ತೆಯಲ್ಲಿ ಬೀದಿದೀಪ ಕೆಟ್ಟು ತಿಂಗಳಾಗಿತ್ತು. ಟ್ಯೂಷನ್ ಮುಗಿಸಿ ಬರುವ ಸಿಂಚನಾಗೆ ಬೆನ್ನ ಹಿಂದೆಯೇ ಯಾರೋ ಉಸಿರಾಡಿದ ಹಾಗಾಗುತ್ತಿತ್ತು. ಆದರೂ ನಿಂತು, ಪ್ರತಿ ಕಂಬದ ನಂಬರಿನ ಫೋಟೊ ತೆಗೆದು, ಫೋನಿನ ನಕ್ಷೆಯಲ್ಲಿ ಕೆಂಪು ಗುರುತು ಹಾಕಿದಳು. ಕೆಂಪು ಗುರುತಿನ ಕಂಬಗಳೆಲ್ಲ ಒಂದೇ ಸ್ವಿಚ್ ಪೆಟ್ಟಿಗೆಗೆ ಸೇರಿದ ಸಾಲಿನವು.

ದೂರು ಕೊಡಲು ಹೋದರೆ ವಾರ್ಡ್ ಕಚೇರಿಯ ಎಂಜಿನಿಯರ್ ಗದರಿದರು. "ಕಣ್ಣಾರೆ ನೋಡಿದ್ದೀನಿ, ಎಲ್ಲಾ ಉರೀತಿವೆ. ದೂರು ಮುಗೀತು, ಹೋಗಮ್ಮ."

"ಹನ್ನೊಂದನೇ ಕಂಬಾನೂ ಉರೀತಿತ್ತಾ ಸಾರ್?"

"ಚೆನ್ನಾಗೇ ಉರೀತಿತ್ತು!"

ಸಿಂಚನಾ ಫೋಟೊ ತೋರಿಸಿದಳು. ಹನ್ನೊಂದನೇ ಕಂಬ ಚರಂಡಿಯಲ್ಲಿ ಬಿದ್ದಿತ್ತು, ಮೇಲೆ ಹುಲ್ಲು ಬೆಳೆದಿತ್ತು. "ಹಾಗಾದ್ರೆ ಅಲ್ಲಿ ದೆವ್ವ ಇದೆ ಅಂತ ಜನ ಹೇಳೋದು ನಿಜಾನೇ. ಸಂಜೆ ಬಂದು ನಂಗೂ ತೋರಿಸಿ ಸಾರ್."

ಎಂಜಿನಿಯರ್ ಹಣೆ ಬೆವರಿತು. ಕತ್ತಲಾಗುವ ಮೊದಲೇ ಲೈನ್‌ಮನ್‌ನನ್ನು ಕರೆತಂದು, ಪೆಟ್ಟಿಗೆಯ ಕೆಟ್ಟ ಟೈಮರ್ ಬದಲಿಸಿದರು. ದೀಪಗಳು ಹೊತ್ತಿಕೊಂಡವು. ಹನ್ನೊಂದನೇ ಕಂಬದ ಖಾಲಿ ಜಾಗಕ್ಕೆ ಬೆನ್ನು ಹಾಕಿಯೇ ಎಂಜಿನಿಯರ್, ನೋಡಲು ಬಂದಿದ್ದ ಸಿಂಚನಾಗೆ ಪಿಸುಗುಟ್ಟಿದರು: "ಅಲ್ಲೇನೂ ಉರೀತಿಲ್ಲ ತಾನೇ?"

"ಇವತ್ತು ಇಲ್ಲ ಸಾರ್."